ಮೂರನೆಯ ರನ್ನಿಂಗ್ ಬಿಲ್: ರಿಟೆನ್ಷನ್ ಎರಡು ಸಲ ಕಡಿತವಾಗಿದೆಯೇ?

ಪ್ರಶ್ನೆ (ಉಪಗುತ್ತಿಗೆದಾರರೊಬ್ಬರ ಲೆಕ್ಕಪತ್ರ ನೋಡಿಕೊಳ್ಳುವವರು): ನಮ್ಮ ಗುತ್ತಿಗೆಯ ಮೊತ್ತ 80 ಲಕ್ಷ, ರಿಟೆನ್ಷನ್ ಶೇ 10. ಎರಡನೆಯ ಬಿಲ್ಲಿನವರೆಗೆ 30 ಲಕ್ಷದ ಕೆಲಸವಾಗಿತ್ತು. 3 ಲಕ್ಷ ಹಿಡಿದುಕೊಂಡು 27 ಲಕ್ಷ ಕೊಟ್ಟಿದ್ದಾರೆ. ಈಗ ಮೂರನೆಯ ಬಿಲ್ಲಿನಲ್ಲಿ ಕೆಲಸ ಶೇ 55 ಆಗಿದೆ, ಅಂದರೆ 44 ಲಕ್ಷದ್ದಾಗಿದೆ ಎಂದು ಮುಖ್ಯ ಗುತ್ತಿಗೆದಾರರು ಒಪ್ಪಿದ್ದಾರೆ. ಆದರೆ ರಿಟೆನ್ಷನ್ ಎಂದು 4.4 ಲಕ್ಷ ಕಳೆದು, ನಮಗೆ ಬರಬೇಕಾದದ್ದು 9.6 ಲಕ್ಷ ಎಂದು ತೋರಿಸಿದ್ದಾರೆ. ಹಿಂದೆ 3, ಈಗ 4.4, ಒಟ್ಟು 7.4 ಲಕ್ಷ ಹಿಡಿದಂತಾಗಲಿಲ್ಲವೇ?

ಸೈಟ್ ಸೂಪರ್‌ವೈಸರ್: ಅವರು ಬರೆದ 4.4 ಲಕ್ಷವೇ ತಪ್ಪು. ಈ ಬಿಲ್ಲಿನ ಕೆಲಸ 14 ಲಕ್ಷದ್ದು, ಅದರ ಶೇ 10 ಎಂದರೆ 1.4 ಲಕ್ಷ. ಅದನ್ನು ಕಳೆದರೆ ನಿಮಗೆ 12.6 ಲಕ್ಷ ಬರಬೇಕು. ರಿಟೆನ್ಷನ್ ಯಾವಾಗಲೂ ಆಯಾ ಬಿಲ್ಲಿನ ಕೆಲಸದ ಮೇಲೆ ಮಾತ್ರ.

ಬಿಲ್ಲಿಂಗ್ ಎಂಜಿನಿಯರ್: ಸೂಪರ್‌ವೈಸರ್ ಅವರು ಹೇಳಿದ 12.6 ಲಕ್ಷ ಸರಿಯಾಗಿದೆ, ಆದರೆ 4.4 ಲಕ್ಷ ತಪ್ಪಲ್ಲ. ರನ್ನಿಂಗ್ ಬಿಲ್ ಎಂಬುದು ಈ ತಿಂಗಳ ಕೆಲಸದ ಬಿಲ್ ಅಲ್ಲ. ಕೆಲಸ ಆರಂಭವಾದ ದಿನದಿಂದ ಇಂದಿನವರೆಗಿನ ಒಟ್ಟು ಲೆಕ್ಕವನ್ನು ಪ್ರತಿ ಸಲವೂ ಹೊಸದಾಗಿ ಕಟ್ಟಿ, ಅದರಿಂದ ಹಿಂದೆ ಕೊಟ್ಟದ್ದನ್ನು ಕಳೆಯುವ ಕ್ರಮ ಅದು. ಹಾಗಾಗಿ 4.4 ಲಕ್ಷದಲ್ಲಿ ಹಿಂದಿನ 3 ಲಕ್ಷವೂ ಸೇರಿದೆ, ಎರಡನ್ನೂ ಕೂಡಿಸಬಾರದು.

ತಪ್ಪು ನಡೆದಿರುವುದು ಅದರ ಕೆಳಗಿನ ಸಾಲಿನಲ್ಲಿ. ಇಂದಿನವರೆಗಿನ 44 ಲಕ್ಷದಿಂದ 4.4 ಲಕ್ಷ ತೆಗೆದರೆ 39.6 ಲಕ್ಷ ಉಳಿಯುತ್ತದೆ. ಇದು ರಿಟೆನ್ಷನ್ ಕಳೆದ ಮೊತ್ತವಾದ್ದರಿಂದ ಇದರಿಂದ ಕಳೆಯಬೇಕಾದ ಹಿಂದಿನ ಮೊತ್ತವೂ ರಿಟೆನ್ಷನ್ ಕಳೆದದ್ದೇ, ಅಂದರೆ 27 ಲಕ್ಷವೇ ಆಗಿರಬೇಕು. ಅವರು ಹಿಂದಿನ ಬಿಲ್ಲಿನ ಕೆಲಸದ ಮೊತ್ತವಾದ 30 ಲಕ್ಷವನ್ನು ಕಳೆದಿದ್ದಾರೆ, 9.6 ಬಂದದ್ದು ಹಾಗೆ. ನಿಮ್ಮ 3 ಲಕ್ಷ ಎರಡು ಸಲ ಹೋಗಿರುವುದು ನಿಜ, ಆದರೆ ನೀವು ಬೆರಳು ತೋರಿಸಿದ ಜಾಗದಲ್ಲಿ ಅಲ್ಲ. ಮುಖ್ಯ ಗುತ್ತಿಗೆದಾರರಿಗೆ ಬರೆಯುವಾಗ ಈ ವ್ಯತ್ಯಾಸ ಮುಖ್ಯ, 4.4 ಲಕ್ಷವನ್ನು ಪ್ರಶ್ನಿಸಿದರೆ ಅವರು ಅದನ್ನು ಸುಲಭವಾಗಿ ಸಮರ್ಥಿಸಿಕೊಳ್ಳುತ್ತಾರೆ, ಅಸಲು ತಪ್ಪು ಅಲ್ಲೇ ಉಳಿಯುತ್ತದೆ.

ಇಂಥದ್ದನ್ನು ಹಿಡಿಯಲು ನಾನು ಮಾಡುವುದು ಇಷ್ಟೇ: ಇದುವರೆಗೆ ಕೈಸೇರಿದ ಹಣ, ಈ ಬಿಲ್ಲಿನಲ್ಲಿ ಬರುವ ಹಣ, ಅವರ ಬಳಿ ಉಳಿದಿರುವ ರಿಟೆನ್ಷನ್, ಈ ಮೂರನ್ನೂ ಕೂಡಿಸಿದರೆ ಇಂದಿನವರೆಗಿನ ಕೆಲಸದ ಮೊತ್ತ ಬರಬೇಕು. ನಿಮ್ಮಲ್ಲಿ 27, 9.6 ಮತ್ತು 4.4 ಸೇರಿ 41 ಆಗುತ್ತದೆ. 44ಕ್ಕೆ 3 ಕಡಿಮೆ.

ಪ್ರತಿ ಬಿಲ್ಲಿಗೂ ಬೇರೆಯಾಗಿ ಶೇ 10 ಹಿಡಿಯುವ ಪದ್ಧತಿ ಎಲ್ಲವೂ ಏರುತ್ತಲೇ ಹೋದಾಗ ಇದೇ ಉತ್ತರ ಕೊಡುತ್ತದೆ. ಹಿಂದಿನ ಬಿಲ್ಲಿನಲ್ಲಿ ಒಪ್ಪಿದ್ದ ಕೆಲಸವನ್ನು ಮರು ಅಳತೆಯಲ್ಲಿ 1.4 ಲಕ್ಷದಷ್ಟು ಇಳಿಸಿದರು ಎಂದುಕೊಳ್ಳಿ. ಆಗ ಆ ಮೊತ್ತದ ಮೇಲೆ ಆಗಲೇ ಹಿಡಿದಿದ್ದ 14 ಸಾವಿರವೂ ವಾಪಸ್ ಬರಬೇಕು. ಒಟ್ಟು ಲೆಕ್ಕದಲ್ಲಿ ಅದು ತಾನಾಗಿಯೇ ಸರಿಹೋಗುತ್ತದೆ. ಹೊಸ ಕೆಲಸದ ಮೇಲೆ ಮಾತ್ರ ಲೆಕ್ಕ ಹಾಕುವವರು ಅದನ್ನು ಮರೆತೇಬಿಡುತ್ತಾರೆ.

ಮನೆ ಕಟ್ಟಿಸುತ್ತಿರುವವರು: ನನ್ನದೂ ಇದೇ ಸಮಸ್ಯೆ. ಗುತ್ತಿಗೆದಾರರು ಕಾಂಕ್ರೀಟ್ ಚೌಕಟ್ಟಿನ ಕೆಲಸ ಶೇ 75 ಮುಗಿದಿದೆ ಎಂದು ಬಿಲ್ ಕೊಟ್ಟಿದ್ದಾರೆ. ನಾಲ್ಕು ಸ್ಲ್ಯಾಬ್‌ಗಳಲ್ಲಿ ಮೂರನೆಯದು ಹಾಕಿ ಐದು ದಿನವಾಗಿದೆ, ಸೆಂಟ್ರಿಂಗ್ ಇನ್ನೂ ಬಿಚ್ಚಿಲ್ಲ. ಶೇ 10 ರಿಟೆನ್ಷನ್ ನನ್ನ ಬಳಿ ಇರುವುದರಿಂದ ಈ ಬಿಲ್ ಒಪ್ಪಿಕೊಂಡರೂ ತೊಂದರೆಯಿಲ್ಲ ಅಲ್ಲವೇ?

ಬಿಲ್ಲಿಂಗ್ ಎಂಜಿನಿಯರ್: ನಿಮ್ಮದು ಬೇರೆಯೇ ಪ್ರಶ್ನೆ, ಆದರೂ ಹೇಳುತ್ತೇನೆ. ಬಿಲ್ಲಿನ ಜೊತೆಗಿರುವ ಪಟ್ಟಿಯಲ್ಲಿ ಪ್ರತಿ ಬಾಬಿಗೂ ಒಂದು ಮೊತ್ತವಿರುತ್ತದೆ, ಅದರ ಎದುರು ಮುಗಿದ ಶೇಕಡಾ ಪ್ರಮಾಣ ಇರುತ್ತದೆ. ಆ ಪ್ರಮಾಣ ಸೈಟಿನಲ್ಲಿ ಅಳೆದು ನೋಡಿದ ಕೆಲಸದಿಂದ ಬರಬೇಕೇ ಹೊರತು ಕಳೆದ ದಿನಗಳಿಂದಲೋ ಗುತ್ತಿಗೆದಾರರು ಖರ್ಚು ಮಾಡಿದ ಹಣದಿಂದಲೋ ಅಲ್ಲ. ಮೂರನೆಯ ಸ್ಲ್ಯಾಬ್‌ಗೆ ಕಂಬಿ ಕಟ್ಟಿ ಕಾಂಕ್ರೀಟ್ ಹಾಕಿರುವುದು ನಿಜವಾದ ಕೆಲಸವೇ. ಆದರೆ ಕ್ಯೂರಿಂಗ್, ಸೆಂಟ್ರಿಂಗ್ ಬಿಚ್ಚುವುದು, ಬಿಚ್ಚಿದ ಮೇಲೆ ಅಡಿಭಾಗದಲ್ಲಿ ಜೇನುಗೂಡಿನಂಥ ತೂತುಗಳಿವೆಯೇ ಎಂದು ನೋಡುವುದು ಬಾಕಿಯಿದೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಈ ಸಲ ಶೇ 70ರಷ್ಟನ್ನು ಒಪ್ಪಿ, ಉಳಿದದ್ದನ್ನು ಮುಂದಿನ ಬಿಲ್ಲಿಗೆ ಬಿಡುತ್ತಿದ್ದೆ.

ರಿಟೆನ್ಷನ್ ಇದೆ ಎಂಬ ಧೈರ್ಯದಿಂದ ಶೇಕಡಾ ಪ್ರಮಾಣವನ್ನು ಸಡಿಲ ಬಿಡಬೇಡಿ. ಆ ಹಣ ಇರುವುದು ಮುಗಿದ ಕೆಲಸದಲ್ಲಿ ಮುಂದೆ ಕಾಣಿಸಿಕೊಳ್ಳುವ ದೋಷಗಳಿಗೆ; ಆಗದ ಕೆಲಸಕ್ಕೆ ಮೊದಲೇ ಹಣ ಕೊಟ್ಟರೆ ಅದು ಅಲ್ಲಿಯೇ ಕರಗಿಹೋಗುತ್ತದೆ. ತಳಪಾಯದ ಬಾಬಿಗೆ ಅತಿಯಾದ ಮೊತ್ತ ಹಾಕಿ ಕೊನೆಯ ಕೆಲಸಗಳಿಗೆ ಕಡಿಮೆ ಹಾಕಿರುವ ಪಟ್ಟಿಗಳೂ ಇರುತ್ತವೆ. ಅಲ್ಲಿ ಪ್ರತಿ ಬಾಬಿನ ಪ್ರಮಾಣವೂ ಸರಿಯಾಗಿದ್ದು ಒಟ್ಟು ಮಾತ್ರ ಉಬ್ಬಿರುತ್ತದೆ. ಬಾಕಿ ಕೆಲಸವನ್ನು ಇಂದು ಬೇರೊಬ್ಬರಿಂದ ಮಾಡಿಸಿದರೆ ಎಷ್ಟಾಗುತ್ತದೆ, ನಿಮ್ಮ ಬಳಿ ರಿಟೆನ್ಷನ್ ಸೇರಿ ಎಷ್ಟು ಉಳಿದಿದೆ ಎಂದು ಹೋಲಿಸಿದರೆ ಅದು ಗೊತ್ತಾಗುತ್ತದೆ.

ಪ್ರಶ್ನೆ ಕೇಳಿದವರು: 30 ಲಕ್ಷ ಕಳೆದಿರುವ ಸಾಲನ್ನು ತೋರಿಸಿದ ಮೇಲೆ ಅವರು ಬಿಲ್ ತಿದ್ದಲು ಒಪ್ಪಿದರು. ಆದರೆ ಕರಾರನ್ನು ಮತ್ತೆ ತೆಗೆದು ನೋಡಿದಾಗ ಇನ್ನೊಂದು ಮಾತು ಸಿಕ್ಕಿತು: "ಅರ್ಧ ಕೆಲಸ ಮುಗಿದ ನಂತರ ರಿಟೆನ್ಷನ್ ಶೇ 5 ಆಗಿರತಕ್ಕದ್ದು." ನಾವು ಶೇ 55ರಲ್ಲಿದ್ದೇವೆ. ಹಾಗಾದರೆ 4.4 ಲಕ್ಷವೂ ಹೆಚ್ಚಾಯಿತಲ್ಲವೇ?

ಬಿಲ್ಲಿಂಗ್ ಎಂಜಿನಿಯರ್: ಹೌದು, ಹೆಚ್ಚಾಯಿತು, ಎಷ್ಟು ಎಂಬುದರಲ್ಲಿ ಮಾತ್ರ ಎರಡು ಅರ್ಥ ಹೊರಡುತ್ತವೆ. ಮೊದಲ 40 ಲಕ್ಷಕ್ಕೆ ಶೇ 10, ಅದರ ಮೇಲಿನ 4 ಲಕ್ಷಕ್ಕೆ ಶೇ 5 ಎಂದು ಓದಿದರೆ ರಿಟೆನ್ಷನ್ 4.2 ಲಕ್ಷವಾಗಿ ನಿಮಗೆ 12.8 ಲಕ್ಷ ಬರಬೇಕು. ಇಡೀ 44 ಲಕ್ಷಕ್ಕೂ ಶೇ 5 ಎಂದು ಓದಿದರೆ ರಿಟೆನ್ಷನ್ 2.2 ಲಕ್ಷಕ್ಕೆ ಇಳಿದು 14.8 ಲಕ್ಷ ಬರಬೇಕು. ನನಗೆ ಮೊದಲನೆಯದೇ ಸರಿಯೆನಿಸುತ್ತದೆ, ಏಕೆಂದರೆ ಹಿಡಿದ ಹಣ ವಾಪಸ್ ಕೊಡಬೇಕು ಎಂಬ ಮಾತು ಅಲ್ಲಿಲ್ಲ.

ಗುತ್ತಿಗೆ ಕರಾರುಗಳನ್ನು ಪರಿಶೀಲಿಸುವವರು: ಅದನ್ನು ನಾನು ಒಪ್ಪುವುದಿಲ್ಲ. "ಇನ್ನು ಮುಂದಿನ ಕೆಲಸಕ್ಕೆ" ಎಂಬ ಮಾತೂ ಅಲ್ಲಿಲ್ಲ. ನೀವೇ ಹೇಳಿದಂತೆ ಪ್ರತಿ ಬಿಲ್ಲಿನಲ್ಲೂ ರಿಟೆನ್ಷನ್ ಅನ್ನು ಒಟ್ಟು ಕೆಲಸದ ಮೇಲೆ ಹೊಸದಾಗಿ ಕಟ್ಟುವುದಾದರೆ, ಶೇ 5 ಎಂಬುದೂ ಒಟ್ಟು ಕೆಲಸಕ್ಕೇ ಅನ್ವಯಿಸಬೇಕಲ್ಲವೇ?

ಬಿಲ್ಲಿಂಗ್ ಎಂಜಿನಿಯರ್: ವಾದದಲ್ಲಿ ಬಲವಿದೆ, ಆದರೆ ಆ ವಾದಕ್ಕಾಗಿ ಇಡೀ ಬಿಲ್ ನಿಲ್ಲಬಾರದು. 12.8 ಲಕ್ಷಕ್ಕೆ ಬಿಲ್ ತಿದ್ದಿಸಿ ಹಣ ಪಡೆಯಿರಿ. ಉಳಿದ 2 ಲಕ್ಷದ ಹಕ್ಕನ್ನು ಬಿಟ್ಟುಕೊಟ್ಟಿಲ್ಲ ಎಂದು ಪ್ರತ್ಯೇಕ ಪತ್ರ ಬರೆದು, ನಾಲ್ಕನೆಯ ಬಿಲ್ಲಿಗೆ ಮೊದಲೇ ಅವರ ಲಿಖಿತ ಉತ್ತರ ಕೇಳಿ.