15 ನಿಮಿಷಕ್ಕೆ ಮುಖಗಳು ನಿಂತುಬಿಡುವ ಬೋರ್ಡ್‌ರೂಮ್: ಸಿಪ್ ಗೇಟ್‌ವೇ ಪ್ರಶ್ನೋತ್ತರ

ಫ್ಯಾಕ್ಟರಿ ಐಟಿ, ತುಮಕೂರು: ಸರ್, ನಮ್ಮ ಬೋರ್ಡ್‌ರೂಮ್ ವಿಡಿಯೋ ಸಿಸ್ಟಮ್‌ನಿಂದ ಗ್ರಾಹಕರ ಮೀಟಿಂಗ್‌ಗೆ, ವಿಡಿಯೋ ಕಾಲ್ ಕೂಡಿಸುವ ಸಿಪ್ ಗೇಟ್‌ವೇ ಮೂಲಕ ಸೇರುತ್ತೇವೆ, ಟಿಎಲ್‌ಎಸ್ ಎನ್‌ಕ್ರಿಪ್ಶನ್‌ನಲ್ಲಿ. ಮೊದಲು ಚಿತ್ರ, ಧ್ವನಿ ಎರಡೂ ಚೆನ್ನಾಗಿರುತ್ತೆ. 15 ನಿಮಿಷ ದಾಟಿದ ಮೇಲೆ ಮುಖಗಳು ಹಾಗೇ ನಿಂತುಬಿಡುತ್ತವೆ, ಕಾಲ್ ಟೈಮರ್ ಮಾತ್ರ ಓಡುತ್ತಿರುತ್ತೆ. 29 ನಿಮಿಷ 28 ಸೆಕೆಂಡಿಗೆ ನಾವು ಮಾತ್ರ ಕಟ್. ಪ್ರತಿ ಸಲ ಇದೇ ಲೆಕ್ಕ.

ಕಾಲೇಜು ಲ್ಯಾಬ್, ಧಾರವಾಡ: ಫ್ರೀ ಅಕೌಂಟ್ ಇರಬೇಕು, ಟೈಮ್ ಲಿಮಿಟ್. ನಮಗೂ ಹೀಗೇ ಆಗಿತ್ತು.

ವಿಡಿಯೋ ಇಂಜಿನಿಯರ್: ಝೂಮ್ ಫ್ರೀ ಮಿತಿ 40 ನಿಮಿಷ, ಅದು ಎಲ್ಲರನ್ನೂ ಹೊರಗೆ ಹಾಕುತ್ತೆ. ಇಲ್ಲಿ ಹೋಗುತ್ತಿರುವುದು ಒಂದೇ ರೂಮ್.

ತುಮಕೂರಿನವರೇ, ಸೆಕೆಂಡ್ ಸಮೇತ ಬರೆದಿದ್ದು ಬಹಳ ಒಳ್ಳೆಯದಾಯಿತು. ಸಿಸ್ಟಮ್‌ನ ಸಿಪ್ ಲಾಗ್ ತೆಗೆದು, ಕಾಲ್ ಕೂಡಿಕೊಂಡಾಗ ಬಂದ `200 OK`ನಲ್ಲಿ ಈ ಸಾಲು ಇದೆಯಾ ನೋಡಿ:

```
Session-Expires: 1800;refresher=uas
```

ಇದ್ದರೆ ಅರ್ಥ ಇಷ್ಟು: ಕಾಲ್‌ನ ಆಯಸ್ಸು 1800 ಸೆಕೆಂಡ್, ಅರ್ಧ ದಾರಿಯಲ್ಲಿ, ಅಂದರೆ 900ಕ್ಕೆ, ಅದನ್ನು ನವೀಕರಿಸುವ ಹೊಣೆ ಯುಎಎಸ್, ಅಂದರೆ ಕಾಲ್ ಸ್ವೀಕರಿಸಿದ ಗೇಟ್‌ವೇಯದು. ಆ ಸಂದೇಶ ನಿಮ್ಮ ಸಿಸ್ಟಮ್ ಮೊದಲು ತೆರೆದ ಟಿಎಲ್‌ಎಸ್ ಸಂಪರ್ಕದಲ್ಲೇ ವಾಪಸ್ ಬರಬೇಕು. ಆದರೆ ಕಾಲ್ ಕೂಡಿಕೊಂಡ ಮೇಲೆ ಆ ಸಂಪರ್ಕದಲ್ಲಿ ಯಾರೂ ಮಾತಾಡಲ್ಲ. ಚಿತ್ರ, ಧ್ವನಿ ಯುಡಿಪಿಯಲ್ಲಿ ಬೇರೆ ದಾರಿ ಹಿಡಿದಿರುತ್ತವೆ. ಸುಮ್ಮನಿರುವ ಸಂಪರ್ಕವನ್ನು ಫೈರ್‌ವಾಲ್ ತನ್ನ ಪಟ್ಟಿಯಿಂದ ಅಳಿಸಿಬಿಟ್ಟರೆ 900ಕ್ಕೆ ಬಂದ ಸಂದೇಶ ಬಾಗಿಲಲ್ಲೇ ಸಾಯುತ್ತೆ. ಗೇಟ್‌ವೇ 32 ಸೆಕೆಂಡ್ ಉತ್ತರಕ್ಕೆ ಕಾದು, 15:32ಕ್ಕೆ ನಿಮ್ಮನ್ನು ಮೀಟಿಂಗ್‌ನಿಂದ ತೆಗೆಯುತ್ತೆ. ಅದರ ವಿದಾಯವೂ ನಿಮಗೆ ತಲುಪಲ್ಲ, ಹಾಗಾಗಿ ಕೊನೆಯ ಚಿತ್ರ ಪರದೆಯಲ್ಲೇ ಉಳಿಯುತ್ತೆ. ನಿಮ್ಮ ಸಿಸ್ಟಮ್ ನವೀಕರಣಕ್ಕೆ ಕಾದೂ ಕಾದೂ ಆಯಸ್ಸು ಮುಗಿಯಲು 32 ಸೆಕೆಂಡ್ ಇರುವಾಗ ತಾನೇ ಕಾಲ್ ಮುಗಿಸುತ್ತೆ. 1768 ಸೆಕೆಂಡ್, ಅಂದರೆ ನೀವು ಬರೆದ 29:28.

ಫೈರ್‌ವಾಲ್‌ನಲ್ಲಿ ಟಿಸಿಪಿ ಐಡಲ್ ಟೈಮ್‌ಔಟ್ ಎಷ್ಟಿದೆ ಹೇಳಿ.

ನೆಟ್‌ವರ್ಕ್ ಅಡ್ಮಿನ್, ಹುಬ್ಬಳ್ಳಿ: ಇಷ್ಟೆಲ್ಲ ಯಾಕೆ? ಫೈರ್‌ವಾಲ್‌ನಲ್ಲಿ ಸಿಪ್ ಸಂದೇಶಗಳನ್ನು ತಿದ್ದುವ ಸಿಪ್ ಎಎಲ್‌ಜಿ ಆಫ್ ಮಾಡಿ, ಮುಗೀತು. ನಾನು ಹತ್ತು ಕಡೆ ಮಾಡಿದ್ದೇನೆ.

ವಿಡಿಯೋ ಇಂಜಿನಿಯರ್: ಆಫ್ ಮಾಡುವುದು ಒಳ್ಳೆಯದೇ. ಕಾಲ್ 32 ಸೆಕೆಂಡಿಗೆ ಕಟ್ಟಾದರೆ, ಒಂದೇ ಕಡೆ ಧ್ವನಿ ಬಂದರೆ ನಾನೂ ಮೊದಲು ಅದನ್ನೇ ನೋಡುತ್ತೇನೆ. ಆದರೆ ಇವರದು ಟಿಎಲ್‌ಎಸ್. ಒಳಗಿನ ಸಂದೇಶ ಎಎಲ್‌ಜಿಗೆ ಕಾಣುವುದೇ ಇಲ್ಲ, ಕಾಣದ್ದನ್ನು ಅದು ಹೇಗೆ ಕೆಡಿಸುತ್ತೆ?

ಆಸ್ಪತ್ರೆ ಎವಿ, ಮಂಗಳೂರು: ಟೀಮ್ಸ್ ಮೀಟಿಂಗ್‌ಗೆ ಯಾವ ಅಡ್ರೆಸ್ ಡಯಲ್ ಮಾಡಬೇಕು?

ವಿಡಿಯೋ ಇಂಜಿನಿಯರ್: ಆಹ್ವಾನದಲ್ಲಿ ವಿಡಿಯೋ ಸಾಧನದ ಅಡ್ರೆಸ್, ಕಾನ್ಫರೆನ್ಸ್ ಐಡಿ ಇರಬೇಕು. ಇಲ್ಲದಿದ್ದರೆ ಕರೆದವರ ಸಂಸ್ಥೆ ಸಿವಿಐ ಅನ್ನೋ ಟೀಮ್ಸ್ ಗೇಟ್‌ವೇ ಸೇವೆ ತೆಗೆದುಕೊಂಡಿಲ್ಲ, ಅಥವಾ ಕರೆದವರಿಗೆ ಅದನ್ನು ಕೊಟ್ಟಿಲ್ಲ. ಆಗ ಡಯಲ್ ಮಾಡಲು ಅಡ್ರೆಸ್ಸೇ ಇರಲ್ಲ.

ಬ್ಯಾಂಕ್ ಐಟಿ, ಶಿವಮೊಗ್ಗ: ಟೀಮ್ಸ್‌ಗೆ ಹೇಗೆ ಸರ್? ಝೂಮ್‌ಗೆ ಪಾಸ್‌ಕೋಡ್ ಎಲ್ಲಿ ಹಾಕೋದು?

ವಿಡಿಯೋ ಇಂಜಿನಿಯರ್: ಟೀಮ್ಸ್ ಮೇಲೆ ಹೇಳಿದೆ. ಝೂಮ್‌ಗೆ `meetingID.passcode@zoomcrc.com`. ಲೈಸೆನ್ಸ್ ಮೀಟಿಂಗ್ ಕರೆದವರದು.

ಕಾಲೇಜು ಲ್ಯಾಬ್, ಧಾರವಾಡ: ನಮ್ಮ ಹಳೇ ಸಿಸ್ಟಮ್‌ನಲ್ಲಿ ಲ್ಯಾಪ್‌ಟಾಪ್ ಸ್ಕ್ರೀನ್ ಆ ಕಡೆ ಹೋಗಲ್ಲ, ಯಾಕೆ?

ನೆಟ್‌ವರ್ಕ್ ಅಡ್ಮಿನ್, ಹುಬ್ಬಳ್ಳಿ: ಬೇರೆ ಗ್ರೂಪ್‌ನಲ್ಲಿ ಬಂದಿದ್ದು, ಎಲ್ಲದಕ್ಕೂ ಇದೇ ಪರಿಹಾರ: ರೂಮ್ ಸಿಸ್ಟಮ್‌ಗೆ ನೇರ ಪಬ್ಲಿಕ್ ಐಪಿ ಕೊಡಿ, ಎಲ್ಲಾ ಪೋರ್ಟ್ ತೆರೆಯಿರಿ.

ವಿಡಿಯೋ ಇಂಜಿನಿಯರ್: ದಯವಿಟ್ಟು ಯಾರೂ ಹೀಗೆ ಮಾಡಬೇಡಿ. ಈ ಫಾರ್ವರ್ಡ್ ನನಗೂ ಎಷ್ಟೋ ಸಲ ಬಂದಿದೆ. ಸಿಪ್‌ನ 5060 ಪೋರ್ಟ್ ಹೊರಜಗತ್ತಿಗೆ ತೆರೆದುಕೊಂಡ ಸಾಧನವನ್ನು ಸ್ಕ್ಯಾನರ್‌ಗಳು ಬೇಗ ಹುಡುಕುತ್ತವೆ. ಮಧ್ಯರಾತ್ರಿ ಖಾಲಿ ರೂಮ್‌ನಲ್ಲಿ ‘100’ ಅನ್ನೋ ಹೆಸರಿನಿಂದ ರಿಂಗ್ ಆಗುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಆಟೋ ಆನ್ಸರ್ ಹಾಕಿದ್ದರೆ ಕ್ಯಾಮೆರಾ, ಮೈಕ್ ಅಪರಿಚಿತರ ಕೈಗೆ.

ನೆಟ್‌ವರ್ಕ್ ಅಡ್ಮಿನ್, ಹುಬ್ಬಳ್ಳಿ: ಹೆದರಿಸಬೇಡಿ. ನಮ್ಮಲ್ಲಿ ಎರಡು ವರ್ಷದಿಂದ ಹಾಗೇ ಇದೆ.

ಆಸ್ಪತ್ರೆ ಎವಿ, ಮಂಗಳೂರು: ಕಾಲ್ ಲಾಗ್ ಯಾವತ್ತಾದರೂ ತೆರೆದು ನೋಡಿದ್ದೀರಾ? ಸುಮ್ಮನೆ ವಾದ ಬೇಡ.

ನೆಟ್‌ವರ್ಕ್ ಅಡ್ಮಿನ್, ಹುಬ್ಬಳ್ಳಿ: ನಿಮ್ಮನ್ನು ಯಾರು ಕೇಳಿದರು?

ಫ್ಯಾಕ್ಟರಿ ಐಟಿ, ತುಮಕೂರು: ಸರ್, ಆ ಸಾಲು ಇದೆ, 1800, ಯುಎಎಸ್. ಐಡಲ್ ಟೈಮ್‌ಔಟ್ 600 ಸೆಕೆಂಡ್.

ವಿಡಿಯೋ ಇಂಜಿನಿಯರ್: ಹಾಗಾದರೆ 10ನೇ ನಿಮಿಷಕ್ಕೇ ದಾರಿ ಮುಚ್ಚಿದೆ, 15ಕ್ಕೆ ಗೊತ್ತಾಗಿದೆ. ರೂಮ್ ಸಿಸ್ಟಮ್‌ನಿಂದ ಗೇಟ್‌ವೇಯ 5061 ಪೋರ್ಟ್‌ಗೆ ಹೋಗುವ ಒಂದು ನಿಯಮಕ್ಕೆ ಮಾತ್ರ 3600 ಸೆಕೆಂಡ್ ಕೊಡಿ, ಉಳಿದದ್ದನ್ನು ಮುಟ್ಟಬೇಡಿ. ಆಮೇಲೆ ಹೊಸದಾಗಿ ಡಯಲ್ ಮಾಡಿ, 16 ನಿಮಿಷ ಕಾಯಿರಿ.

ಫ್ಯಾಕ್ಟರಿ ಐಟಿ, ತುಮಕೂರು: 47 ನಿಮಿಷ ನಿಂತಿತು ಸರ್! ಆದರೆ ಸೆಕ್ಯುರಿಟಿ ತಂಡದವರು 900ಕ್ಕಿಂತ ಹೆಚ್ಚು ಕೊಡಲ್ಲ, ವಾಪಸ್ ಇಳಿಸುತ್ತೇವೆ ಅಂತಿದ್ದಾರೆ.

ವಿಡಿಯೋ ಇಂಜಿನಿಯರ್: 900 ಅಂದರೆ ನವೀಕರಣ ಬರುವ ಕ್ಷಣಕ್ಕೇ ದಾರಿ ಮುಚ್ಚಬಹುದು, ಒಂದು ದಿನ ನಡೆಯುತ್ತೆ, ಒಂದು ದಿನ ಇಲ್ಲ. 1200 ಆದರೂ ಕೇಳಿ. ಒಪ್ಪದಿದ್ದರೆ ಸಿಸ್ಟಮ್‌ನಲ್ಲಿ ಸಂಪರ್ಕ ಸುಮ್ಮನಿರದಂತೆ ಆಗಾಗ ಸಂದೇಶ ಕಳಿಸುವ ಸಿಪ್ ಕೀಪ್‌ಅಲೈವ್ ಸೆಟ್ಟಿಂಗ್ ಇದೆಯಾ ಹುಡುಕಿ, ಮಾಡೆಲ್ ಹೆಸರು ಇಲ್ಲಿ ಹಾಕಿ.

ಬ್ಯಾಂಕ್ ಐಟಿ, ಶಿವಮೊಗ್ಗ: ಝೂಮ್ ಲೈಸೆನ್ಸ್ ನಾವು ತಗೋಬೇಕಾ ಸರ್?

ವಿಡಿಯೋ ಇಂಜಿನಿಯರ್: ಮೇಲೆ ಓದಿ.