ನೆಗಡಿ ಹೋತು, ದನಿ ಬರವಲ್ದು! ಶ್ರೀಕೃಷ್ಣ ಪಾರಿಜಾತದ ಆಟಕ್ಕ ಹತ್ತ ದಿನ ಉಳದೈತಿ

ಮುಧೋಳ_ಭಾಗವತ: ನೆಗಡಿ ಹೋಗಿ ಒಂಬತ್ತು ದಿನ ಆತ್ರಿ. ಜ್ವರ ಇಲ್ಲ, ನೋವಿಲ್ಲ. ದನಿ ಮಾತ್ರ ಒಡದ ಗಡಿಗಿ ಬಡದಂಗ ಬರತೈತಿ, ತಾರ ಷಡ್ಜಕ್ಕ ಹೋದ್ರ ಬರೇ ಗಾಳಿ. ಉಪ್ಪುನೀರು, ಜ್ಯೇಷ್ಠಮಧು, ಕರಿಮೆಣಸು ಎಲ್ಲಾ ಆತು. ದನಿಗೂ ಪೂರಾ ರಜಾ ಕೊಟ್ಟೀನಿ. ಇನ್ನೇನ ಮಾಡಬೇಕ್ರಿ?

ಪೇಟಿ_ಜಮಖಂಡಿ: ಕರಿ ಎರಡಕ್ಕ ಹಾಡತೀರಲ್ಲ? ಬಿಳಿ ಒಂದಕ್ಕ ಇಳೀರಿ. ಮುಗೀತು.

ಸೌಂಡ್_ಗೋಕಾಕ: ಮೈಕ್ ಯಾವದ್ರಿ? ನಮ್ಮದು ಹನ್ನೆರಡು ಚಾನೆಲ್ ಮಿಕ್ಸರ್. ಹೋದ ಜಾತ್ರಿಯಾಗ ಒಬ್ಬಾಂವನ ಗೊಗ್ಗರ ದನಿನೂ ಗಂಟೀ ಹಂಗ ಕೇಳಿಸಿದ್ವಿ.

ಪೇಟಿ_ಜಮಖಂಡಿ: ಮೈಕಿಗೂ ಗಂಟಲಿಗೂ ಏನ್ ಸಂಬಂಧರೀ! ಸ್ವರ ಇಳಸ್ರಿ ಅಂತ ಹೇಳಾಕತ್ತೀನಿ.

ವಿಜಯಪುರ_ವಾಣಿ: ಭಾಗವತರ, ನಾ ಇಂಥಾ ದನಿ ಸರಿಮಾಡೋ ಕೆಲಸದಾಗ ಅದೀನಿ. ರಜಾ ಅಂದ್ರ ಏನ ಮಾಡಾಕತ್ತೀರಿ? ದನಿ ಕೆಟ್ಟು ಎಷ್ಟ ದಿನ ಆತು?

ಮುಧೋಳ_ಭಾಗವತ: ಹದಿನಾಲ್ಕು ದಿನ ಆತ್ರಿ ಅಕ್ಕಾರ. ಹಾಡೋದಿಲ್ಲ. ಸಾಲ್ಯಾಗ ಪಾಠನೂ ಪಿಸುಮಾತಿನ್ಯಾಗ ಹೇಳತೀನಿ. ಹುಡುಗ್ರು 48.

ವಿಜಯಪುರ_ವಾಣಿ: ಮೇಷ್ಟ್ರು ಅಂತ ಈಗ ಹೇಳತೀರಿ! ನೆಗಡಿಯಾಗ ಧ್ವನಿತಂತು ಬಾತಿರತಾವ, ಅಂಚು ಕೂಡಂಗಿಲ್ಲ. ಅದಕ್ಕ ಗಾಳಿ ಸೋರತೈತಿ. 48 ಮಂದಿಗೆ ಕೇಳೂ ಹಂಗ ಪಿಸುಗುಟ್ಟಾಕ ಹೋದ್ರ ಗಂಟಲಾ ಹಿಚುಕಿ ಮಾತಾಡಬೇಕಾಗತೈತಿ. ಅದು ರಜಾ ಅಲ್ರಿ, ಓವರ್‌ಟೈಮು. ಬಾಜೂಕ ಕುಂತಾವ್ರಿಗೆ ಹೇಳಿದಂಗ ಮೆತ್ತಗ, ಆದ್ರ ನಿಜ ದನಿಯಾಗ ಮಾತಾಡ್ರಿ. ಸಾಲ್ಯಾಗ ಮೂರ ದಿನ ಬೋರ್ಡ್ ಮ್ಯಾಲ ಬರೀರಿ, ಓದಸೋದು ಹುಡುಗ್ರ ಕಡೆ. ಕ್ಯಾಕರಸಬ್ಯಾಡ್ರಿ, ತಂತು ಒಂದಕ್ಕೊಂದು ಬಡೀತಾವ. ಗುಟಕ ನೀರ ಕುಡೀರಿ.

ತಬಲಾ_ಬಾಗಲಕೋಟಿ: ನನಗೂ ಹಿಂಗಾಗಿತ್ತು, ಐದ ದಿನ ಆಂಟಿಬಯಾಟಿಕ್ ತಗೊಂಡೆ, ಆರಾಮಾತು.

ವಿಜಯಪುರ_ವಾಣಿ: ಅಣ್ಣಾರ, ಅದು ತಗೊಳ್ದಿದ್ರೂ ಆರಾಮ ಆಗತಿತ್ತು. ಬಹಳಷ್ಟು ಸಲ ಇದು ವೈರಸ್ಸಿಂದ ಬರೂದು, ಅದಕ್ಕ ಆ ಗುಳಿಗಿ ನಡಿಯಂಗಿಲ್ಲ. ವಾರ-ಎರಡು ವಾರದಾಗ ತಾನಾ ಇಳೀತೈತಿ, ಕೆಲವ್ರಿಗೆ ಮೂರು ವಾರ. ಭಾಗವತರ, ಮೂರು ವಾರ ದಾಟಿದ್ರ ಕಿವಿ-ಮೂಗು-ಗಂಟಲ ಡಾಕ್ಟರ್ ಕಡೆ ದುರ್ಬೀನಲೇ ತಂತು ನೋಡಸ್ರಿ. ಉಸರಾಡಾಕ, ನುಂಗಾಕ ತ್ರಾಸಾದ್ರ, ರಕ್ತ ಬಂದ್ರ, ಕುತಿಗಿಯಾಗ ಗಂಟ ಹತ್ತಿದ್ರ ಅವತ್ತ ಹೋಗ್ರಿ. ತಂಬಾಕು ತಿಂತೀರೇನು?

ಮುಧೋಳ_ಭಾಗವತ: ಹಾಡೋದು ಯಾವಾಗ್ರಿ?

ವಿಜಯಪುರ_ವಾಣಿ: ಮಾತು ಸಂಜಿಮಟ ಒಡೀಲಾರದ ನಿಂತ ಮ್ಯಾಲ. ಗ್ಲಾಸಿನ್ಯಾಗ ಎರಡ ಬಟ್ಟ ನೀರ ಹಾಕಿ, ಸ್ಟ್ರಾದಲೇ ‘ಊ’ ಅಂತ ಮೆತ್ತಗ ಗುಳ್ಳಿ ಎಬ್ಬಸ್ರಿ. ಎರಡೆರಡ ನಿಮಿಷ, ದಿನಕ್ಕ ನಾಲ್ಕೈದ ಸಲ. ಗಂಟಲಾ ಬಿಗೀತು ಅಂದ್ರ ಬಿಡ್ರಿ. ತಂಬಾಕಿಂದು ಹೇಳಲಿಲ್ಲ ನೀವು.

ಮುಧೋಳ_ಭಾಗವತ (ಐದ ದಿನದ ಮ್ಯಾಲ): ಮಧ್ಯಾಹ್ನದಮಟ ದನಿ ಸ್ವಚ್ಛ ಐತ್ರಿ, ನಾಲ್ಕಕ್ಕ ಒಡೀತೈತಿ. ತಾರ ಷಡ್ಜ ಇನ್ನೂ ಇಲ್ಲ. ಮೊದಲ್ನೇ ಪ್ರವೇಶ ತಮ್ಮಗ ಬಿಟ್ಟೀನಿ.

ಪೇಟಿ_ಜಮಖಂಡಿ: ತಮ್ಮಾರು ಯಾವ ಸ್ವರಕ್ಕ ಹಾಡತಾರ?

ಮುಧೋಳ_ಭಾಗವತ: ಬಿಳಿ ಒಂದು.