ಪದ ಬೇಕು: ಸ್ಪ್ಲಿಟ್ ಸ್ಕ್ರೀನ್, ಪಿಕ್ಚರ್ ಇನ್ ಪಿಕ್ಚರ್ (ಸಂಜೆಯೊಳಗೆ)

ಗಂಗಾವತಿಯಿಂದ:
ಭಾನುವಾರ ರೈತರ ಮಕ್ಕಳಿಗೆ ಮೊಬೈಲ್‌ನಲ್ಲಿ ವಿಡಿಯೊ ಎಡಿಟಿಂಗ್ ಹೇಳಿಕೊಡಬೇಕು. ಕೈಪಿಡಿ ಸಂಜೆ ಆರಕ್ಕೆ ಪ್ರೆಸ್ಸಿಗೆ ಹೋಗುತ್ತದೆ. ನಾಟಿ ಭತ್ತ, ಕೂರಿಗೆ ಭತ್ತ ಎರಡರ ಕ್ಲಿಪ್ಪನ್ನೂ ಜೋಡಿಯಾಗಿಟ್ಟು ಹೋಲಿಸುವ ಪಾಠಕ್ಕೆ ‘ಸೀಳುಪರದೆ’ ಎಂದು ಬರೆದಿದ್ದೆ. ನಿನ್ನೆ ಒಬ್ಬ ಹುಡುಗ ಅದನ್ನು ಓದಿ, ಕತ್ತರಿ ಗುರುತು ಒತ್ತಿ, ಕ್ಲಿಪ್ಪನ್ನೇ ಎರಡು ತುಂಡು ಮಾಡಿಬಿಟ್ಟ. ಹಿರಿಯರೊಬ್ಬರು ವಿಡಿಯೊ ನೋಡಿ ಮಾತಾಡುವುದು ಮೂಲೆಯಲ್ಲಿ ಸಣ್ಣದಾಗಿ ಕಾಣುತ್ತದಲ್ಲ, ಅದಕ್ಕೂ ಒಂದು ಪದ ಬೇಕು.

ರಾಯಚೂರಿನಿಂದ:
ಪರದೆ ಪಾರಸಿ. ತೆರೆ ಇರುವಾಗ ಅದೇಕೆ? ‘ಇಬ್ಭಾಗತೆರೆ’ಯನ್ನೂ ಯಾರೂ ತರಬೇಡಿ, ಅರಿಸಮಾಸ. ಇತ್ತಂಡ ಇದೆ, ಹಾಗೆಯೇ ಇತ್ತೆರೆ. ಎರಡನೆಯದಕ್ಕೆ ಒಳದೆರೆ. ಮುಗಿಯಿತು.

ಕೊಪ್ಪಳದಿಂದ:
ನನ್ನ ಫೋನಿನಲ್ಲಿ ಮೇಲೆ ವಾಟ್ಸಾಪ್, ಕೆಳಗೆ ಯೂಟ್ಯೂಬ್ ಇಟ್ಟುಕೊಂಡರೆ ಬಿಸಿಯಾಗುತ್ತದೆ. ಇದೂ ಅದೇನಾ?

ಬಳ್ಳಾರಿಯಿಂದ:
ಅಲ್ರಿ, ಅದು ಫೋನಿನ ಸಂಗತಿ.
ಹುಡುಗನದು ತಪ್ಪಿಲ್ಲ. ಆಪ್‌ನಲ್ಲಿ `Split` ಒತ್ತಿದರೆ ಕ್ಲಿಪ್ ತುಂಡಾಗುವುದೇ ಸರಿ. ಅದು ಹೊತ್ತನ್ನು ಕತ್ತರಿಸುತ್ತದೆ, ನಿಮಗೆ ಬೇಕಾದದ್ದು ಜಾಗ ಹಂಚುವುದು. ಎರಡನೇ ಕ್ಲಿಪ್ಪನ್ನು `Overlay` ಎಂದು ಮೇಲಿನ ಪದರಕ್ಕೆ ಹಾಕಿಸಿ. ಅದಕ್ಕೇ ಸೀಳು, ಇಬ್ಭಾಗ ಬೇಡ, ‘ಅಕ್ಕಪಕ್ಕ’ ಸಾಕು.
ಪದಕ್ಕಿಂತ ದೊಡ್ಡ ತೊಂದರೆ ಅಗಲದ್ದು. 1920×1080ರಲ್ಲಿ ಒಂದೊಂದು ಕ್ಲಿಪ್ಪಿಗೆ 960 ಸಿಗುತ್ತದೆ. ಅಡ್ಡ ಕ್ಲಿಪ್ಪನ್ನು ಇಡಿಯಾಗಿ ಕೂರಿಸಿದರೆ 540 ಎತ್ತರಕ್ಕೆ ಕುಗ್ಗಿ ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತದೆ. ಎತ್ತರ ತುಂಬಿಸಿದರೆ ಎಡಬಲದಲ್ಲಿ ಕಾಲುಕಾಲು ಭಾಗ ಹೋಗುತ್ತದೆ, ಕೂರಿಗೆ ಅಂಚಿನಲ್ಲಿದ್ದರೆ ಮಾಯ. ಎರಡನ್ನೂ ಒಂದೇ ದೂರದಿಂದ, ಬೆಳೆ ನಡುವೆ ಬರುವಂತೆ ತೆಗೆಸಿ. ಒಂದನ್ನಷ್ಟೇ ಜೂಮ್ ಮಾಡಿದರೆ ಆ ಹೊಲದ ಪೈರೇ ದಟ್ಟ ಅನಿಸುತ್ತದೆ, ಹೋಲಿಕೆ ಸುಳ್ಳಾಗುತ್ತದೆ.

ಸಿಂಧನೂರಿನಿಂದ:
ಮಾಳಿಗೆ ಮನೆಯಲ್ಲಿ ಹುಟ್ಟಿದವರಿಗೆ ‘ಬೆಳಕಿಂಡಿ’ ನೆನಪಿಲ್ಲವೇ? ಮೂಲೆಯ ಚಿತ್ರಕ್ಕೆ ಅದೇ ಇಡಿ. ಮತ್ತೆ ರಾಯಚೂರಿನವರಿಗೆ: 1956ರವರೆಗೆ ಹೈದರಾಬಾದ್ ಜೊತೆಗಿದ್ದ ನಮಗೆ ಪಾರಸಿ ಈಗ ಯಾಕೆ ಕಹಿ? ಕೈಪಿಡಿಯ ‘ರೈತ’ ಅರಬ್ಬಿಯಿಂದ ಬಂದದ್ದು, ಅದನ್ನೂ ತೆಗೆಸಿರಿ.

ರಾಯಚೂರಿನಿಂದ:
ಬೇರೂರಿದ್ದನ್ನು ಕೀಳು ಎಂದು ನಾನು ಹೇಳಿಲ್ಲ. ಹೊಸದಾಗಿ ನೆಡಬೇಡಿ ಎಂದೆ. ಬೆಳಕಿಂಡಿ ಇರುವುದು ಬೆಳಕಿಗೆ, ಮುಖಕ್ಕಲ್ಲ.

ಬಳ್ಳಾರಿಯಿಂದ:
ಹಾಗಾದರೆ ‘ಮೂಲೆಕಿಂಡಿ’ ಅನ್ನಿ. ಕಿಂಡಿಯನ್ನು ಕೆಳಗಿಟ್ಟರೆ ಅಡಿಬರಹ ಮುಚ್ಚುತ್ತದೆ, ಮೇಲಿನ ಮೂಲೆಗೆ ಹಾಕಿ. ಹಿರಿಯರಿಗೆ ಇಯರ್‌ಫೋನ್ ಕೊಡಿ. ಇಲ್ಲದಿದ್ದರೆ ಅವರ ಮೈಕಿಗೆ ಮೂಲದ ಸದ್ದೂ ಸೇರಿ ಎಲ್ಲಾ ಎರಡೆರಡು ಸಲ ಕೇಳುತ್ತದೆ. ಪ್ಲೇ ಒತ್ತುವಾಗಲೇ ಒಂದು ಚಪ್ಪಾಳೆ ಹೊಡೆಸಿ, ಆ ಸದ್ದು ಬಂದಲ್ಲಿಂದ ಮೂಲ ಶುರುವಾಗುವಂತೆ ಜೋಡಿಸಿ. ತಪ್ಪಿದರೆ ಅಜ್ಜ ಕೂರಿಗೆ ಬರುವ ಮೊದಲೇ ನಗುತ್ತಾರೆ.

ಗಂಗಾವತಿಯಿಂದ:
‘ಅಕ್ಕಪಕ್ಕ’, ‘ಮೂಲೆಕಿಂಡಿ’ ಎಂದೇ ಪ್ರೆಸ್ಸಿಗೆ ಕಳಿಸಿದೆ. ಚಪ್ಪಾಳೆಯನ್ನೂ ಸೇರಿಸಿದೆ.

ರಾಯಚೂರಿನಿಂದ:
ಕಿಂಡಿ ಒಪ್ಪಿದೆ. ಆದರೆ ‘ಪಕ್ಕ’ ಸಂಸ್ಕೃತದ ‘ಪಕ್ಷ’ದ ತದ್ಭವ, ತಿಳಿದಿರಲಿ.